ಕೈಹಿಡಿತ, ನಡಿಗೆ ಮತ್ತು ಸಾರಿನ ಬೇಳೆ

ವಯಸ್ಸಾದವರ ತೂಕ ಇಳಿದಿಲ್ಲವೆಂದರೆ ಮನೆಯವರಿಗೆ ನೆಮ್ಮದಿ. ಆದರೆ ಸ್ನಾಯು ಕರಗಿ ಆ ಜಾಗದಲ್ಲಿ ಕೊಬ್ಬು ಸೇರಿಕೊಂಡರೂ ತೂಕದ ಯಂತ್ರ ಅದೇ ಅಂಕಿ ತೋರಿಸುತ್ತದೆ. ವಯಸ್ಸಿನೊಂದಿಗೆ ಸ್ನಾಯುವಿನ ಗಾತ್ರವೂ ಬಲವೂ ಕುಂದುವ ಈ ಸ್ಥಿತಿಗೆ ಸಾರ್ಕೋಪೀನಿಯ ಎಂದು ಹೆಸರು. ಇದರ ಸುಳಿವು ಹಿಡಿಯಲು ಹೊರರೋಗಿ ಕೊಠಡಿಯಲ್ಲಿ ಒಂದು ಹಿಡಿತಮಾಪಕ, ಒಂದು ಸ್ಟಾಪ್‌ವಾಚ್, ಊಟದ ಬಗ್ಗೆ ತಾಳ್ಮೆಯ ವಿಚಾರಣೆ ಇದ್ದರೆ ಸಾಕು.

ಮಂಡ್ಯದ ಕಡೆಯ 72 ವರ್ಷದ ಒಬ್ಬ ಅಜ್ಜಿ ಬಂದಿದ್ದಾರೆ ಎಂದುಕೊಳ್ಳಿ. ತೂಕ 52 ಕಿಲೋ. ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟ, ಕುಕ್ಕರಿನ ಮುಚ್ಚಳ ತೆಗೆಯಲು ಸೊಸೆಯನ್ನು ಕರೆಯಬೇಕು. ವೈದ್ಯರು ಅವರನ್ನು ಕುರ್ಚಿಯಲ್ಲಿ ಕೂರಿಸಿ, ತೋಳನ್ನು ಮೈಗೆ ತಾಗಿಸಿ, ಮೊಣಕೈಯನ್ನು 90 ಡಿಗ್ರಿ ಮಡಚಿಸಿ ಮಾಪಕವನ್ನು ಕೈಗೆ ಕೊಡುತ್ತಾರೆ. ‘ಅಮ್ಮಾ, ಹಿಂಡಿ, ಇನ್ನೂ ಜೋರಾಗಿ, ಬಿಡಬೇಡಿ.’ ಈ ಒತ್ತಾಯ ಬೇಕೇ ಬೇಕು. ಸಂಕೋಚದಿಂದ ಮೆಲ್ಲಗೆ ಹಿಂಡಿದರೆ ಸಿಗುವ ಅಂಕಿಗೆ ಅರ್ಥವಿಲ್ಲ. ಎರಡೂ ಕೈಯಲ್ಲಿ ಕನಿಷ್ಠ ಎರಡೆರಡು ಸಲ ಅಳೆದು ಎಲ್ಲಕ್ಕಿಂತ ಹೆಚ್ಚಿನದನ್ನು ಲೆಕ್ಕಕ್ಕೆ ಹಿಡಿಯಬೇಕು. ಅಜ್ಜಿಯದು 15 ಕಿಲೋ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹಾಕಿದ ಗೆರೆಯ ಪ್ರಕಾರ ಹೆಂಗಸರಲ್ಲಿ 18, ಗಂಡಸರಲ್ಲಿ 28 ಕಿಲೋಗಿಂತ ಕಡಿಮೆಯಿದ್ದರೆ ಬಲ ಕುಂದಿದೆ ಎಂದರ್ಥ. ಹಾಗೆಂದು ತೀರ್ಪು ಕೊಡುವ ಮೊದಲು ಹೆಬ್ಬೆರಳ ಬುಡವನ್ನು ಒತ್ತಿ ನೋಡಬೇಕು. ಅಲ್ಲಿ ಸಂಧಿವಾತವಿದ್ದರೆ ಕೈಯನ್ನು ತಡೆದದ್ದು ನೋವೇ ಇರಬಹುದು.

ನಡಿಗೆಗೆ ನೆಲದ ಮೇಲೆ 6 ಮೀಟರ್ ದೂರಕ್ಕೆ ಎರಡು ಪಟ್ಟಿ ಅಂಟಿಸಿರುತ್ತಾರೆ. ಮೊದಲ ಪಟ್ಟಿಗಿಂತ ಸ್ವಲ್ಪ ಹಿಂದಿನಿಂದಲೇ ಹೊರಟು, ಎರಡನೆಯದನ್ನು ದಾಟಿದ ಮೇಲೂ ಒಂದೆರಡು ಹೆಜ್ಜೆ ನಡೆಯಬೇಕು. ಇಲ್ಲದಿದ್ದರೆ ಹೊರಡುವ, ನಿಲ್ಲುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ‘ಅಂಗಡಿಗೆ ಹೋಗುವ ಹಾಗೆ ನಡೀರಿ’ ಎಂದರೆ ಸಹಜ ವೇಗ ಬರುತ್ತದೆ. ಅಜ್ಜಿಗೆ ಏಳೂವರೆ ಸೆಕೆಂಡು ಹಿಡಿಯಿತು, ಅಂದರೆ ಸೆಕೆಂಡಿಗೆ 0.8 ಮೀಟರ್. ಒಂದು ಮೀಟರಿಗಿಂತ ಕಡಿಮೆಯಿದ್ದರೆ ನಿಧಾನ. ಮಂಡಿನೋವು, ಕಣ್ಣಿನ ಪೊರೆ, ಪಾರ್ಕಿನ್ಸನ್ ಕಾಯಿಲೆ, ಬೀಳುವ ಭಯ, ಇವೂ ನಡಿಗೆಯನ್ನು ನಿಧಾನ ಮಾಡುತ್ತವೆ. ಆದ್ದರಿಂದ ಅವನ್ನೂ ಪರೀಕ್ಷಿಸಬೇಕು.

ಇನ್ನು ಊಟ. ನನ್ನ ಅನಿಸಿಕೆಯಲ್ಲಿ ಹೆಚ್ಚು ಎಡವುವುದು ಇಲ್ಲಿಯೇ. ‘ಬೇಳೆ ತಿಂತೀರಾ?’ ಎಂದರೆ ಎಲ್ಲರೂ ‘ದಿನಾ’ ಎನ್ನುತ್ತಾರೆ. ಕೇಳಬೇಕಾದದ್ದು ಬೇರೆ: ಎಷ್ಟು ಜನಕ್ಕೆ ಎಷ್ಟು ಹಸಿ ಬೇಳೆ ಹಾಕುತ್ತೀರಿ, ನಿಮ್ಮ ತಟ್ಟೆಗೆ ಬರುವುದು ಮೇಲಿನ ತಿಳಿಯೋ ತಳದ ಗಟ್ಟಿಯೋ? ಈ ಮನೆಯಲ್ಲಿ ನಾಲ್ವರಿಗೆ 60 ಗ್ರಾಂ ಬೇಳೆ. ಹಲ್ಲಿಲ್ಲದ ಅಜ್ಜಿ ತಿಳಿಯನ್ನಷ್ಟೇ ಹಾಕಿಸಿಕೊಳ್ಳುತ್ತಾರೆ, ಹಾಗಾಗಿ ಅವರಿಗೆ ಸಿಗುವ ಪ್ರೋಟೀನು ಹೆಚ್ಚೆಂದರೆ 2 ಗ್ರಾಂ. ಎರಡು ಇಡ್ಲಿಯಿಂದ 4, ಕಾಫಿಯ ಹಾಲಿನಿಂದ 6, ಮಧ್ಯಾಹ್ನದ ಮುದ್ದೆಯಿಂದ 6, ರಾತ್ರಿಯ ಅನ್ನದಿಂದ 6, ಮೊಸರಿನಿಂದ 3, ಪಲ್ಯದಿಂದ 3. ಒಟ್ಟು ಸುಮಾರು 30 ಗ್ರಾಂ. ವಯಸ್ಸಾದವರಿಗೆ ತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಬೇಕೆಂದು ತಜ್ಞರು ಹೇಳುತ್ತಾರೆ. ಅಂದರೆ ಇವರಿಗೆ ದಿನಕ್ಕೆ 52ರಿಂದ 62. ಹೊಟ್ಟೆ ತುಂಬಿದೆ, ಆದರೆ ಸ್ನಾಯುವಿಗೆ ಸಿಕ್ಕಿದ್ದು ಬೇಕಾದದ್ದರ ಅರ್ಧದಷ್ಟೇ.

ಸೇರಿಸುವುದೂ ಇದೇ ಅಡುಗೆಮನೆಯಿಂದ. 30 ಗ್ರಾಂ ಹೆಚ್ಚುವರಿ ಬೇಳೆಯನ್ನು ನುಣ್ಣಗೆ ಕಡೆದು ಗಟ್ಟಿಯಾಗಿ ಬಡಿಸಿದರೆ ಆರೂವರೆ ಗ್ರಾಂ, ಅಷ್ಟೇ ಹುರಿಗಡಲೆಯನ್ನು ಪುಡಿ ಮಾಡಿ ಕೊಟ್ಟರೆ ಇನ್ನೊಂದು ಆರೂವರೆ. ಒಂದು ಲೋಟ ಹಾಲು, ಒಂದು ಮೊಟ್ಟೆ ಸೇರಿದರೆ 55ರ ಹತ್ತಿರ ಬರುತ್ತದೆ. ಮೊದಲು ರಕ್ತದ ಕ್ರಿಯಾಟಿನಿನ್ ನೋಡಿರಬೇಕು. ಮೂತ್ರಪಿಂಡ ತೀರಾ ಕೆಟ್ಟಿರುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಬರೀ ಪ್ರೋಟೀನಿನಿಂದ ಬಲ ಬರುವುದೂ ಕಡಿಮೆ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವಂಥ, ಸ್ನಾಯುವಿಗೆ ಭಾರ ಕೊಡುವ ವ್ಯಾಯಾಮ ಜೊತೆಗಿರಬೇಕು.

ಈ ಅಳತೆಗಳಿಂದ ಹೇಳಬಹುದಾದದ್ದು ‘ಸಾರ್ಕೋಪೀನಿಯ ಇರುವ ಸಾಧ್ಯತೆ’ ಎಂದಷ್ಟೇ. ಖಚಿತಪಡಿಸಲು ಡೆಕ್ಸಾ ಸ್ಕ್ಯಾನಿನಂಥ ಪರೀಕ್ಷೆಯಿಂದ ಸ್ನಾಯುವಿನ ಪ್ರಮಾಣವನ್ನೂ ಅಳೆಯಬೇಕು. ಆದರೆ ಊಟ, ವ್ಯಾಯಾಮ ಶುರುಮಾಡಲು ಅಲ್ಲಿಯವರೆಗೆ ಕಾಯಬೇಕಿಲ್ಲ. ಮೂರು ತಿಂಗಳ ಮೇಲೆ ಅದೇ ಮಾಪಕ, ಅದೇ ಪಟ್ಟಿಗಳಲ್ಲಿ ಮತ್ತೆ ಅಳೆದಾಗ ನಡಿಗೆ ಸೆಕೆಂಡಿಗೆ 0.1 ಮೀಟರಿನಷ್ಟು ಹೆಚ್ಚಿದ್ದರೂ ಅದು ಲೆಕ್ಕಕ್ಕೆ ಬರುವ ಸುಧಾರಣೆ.

ನಿಮ್ಮ ಮನೆಯ ಹಿರಿಯರನ್ನು ಬಿಪಿ, ಶುಗರ್ ತೋರಿಸಲು ಕರೆದೊಯ್ಯುವಾಗ ಮೂರು ದಿನದ ಊಟವನ್ನು ಬರೆದುಕೊಂಡು ಹೋಗಿ. ಬೇಳೆಯನ್ನು ಬೇಯಿಸುವ ಮೊದಲೇ ಅಳೆದು ಬರೆಯಿರಿ.