ಸಾಲ ತೀರಿದೆ, ದಾಖಲೆ ತೀರಿಲ್ಲ

ಸಾಲ ಕಟ್ಟಿ ಮುಗಿಸಿ, ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರವನ್ನೂ ಪಡೆದವರಿಗೆ ಮುಂದೊಂದು ದಿನ ಮನೆ ಸಾಲದ ಅರ್ಜಿ ತಿರಸ್ಕೃತವಾಗುತ್ತದೆ. ಸಿಬಿಲ್ ವರದಿ ತೆಗೆಸಿ ನೋಡಿದರೆ ಹಳೆಯ ಸಾಲ ಇನ್ನೂ ಚಾಲ್ತಿಯಲ್ಲೇ ಇರುತ್ತದೆ. ಶಾಖೆಯಲ್ಲಿ ಕೇಳಿದರೆ ‘ಅದು ಸಿಬಿಲ್‌ನವರದು’ ಅನ್ನುತ್ತಾರೆ. ಸಿಬಿಲ್‌ಗೆ ಬರೆದರೆ ‘ಬ್ಯಾಂಕ್ ದೃಢೀಕರಿಸಬೇಕು’ ಎಂಬ ಉತ್ತರ ಬರುತ್ತದೆ. ಇದರಲ್ಲಿ ಎರಡನೆಯ ಮಾತೇ ಸರಿ. ಸಿಬಿಲ್‌ನಂಥ ಕಂಪನಿ ಬ್ಯಾಂಕ್ ಕಳಿಸಿದ ಮಾಹಿತಿಯನ್ನು ಜೋಡಿಸಿ ಇಡುತ್ತದೆಯೇ ಹೊರತು, ಬ್ಯಾಂಕ್ ಒಪ್ಪದೆ ತಾನಾಗಿ ಒಂದು ಅಂಕಿಯನ್ನೂ ತಿದ್ದುವುದಿಲ್ಲ. ಆದ್ದರಿಂದ ಮುಖ್ಯವಾದ ಪತ್ರ ಶಾಖೆಗೇ ಹೋಗಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶಿಕ್ಷಕಿಯೊಬ್ಬರು ಸ್ಕೂಟರ್ ಸಾಲವನ್ನು ಅವಧಿಗೆ ಮೊದಲೇ ಮುಗಿಸಲು ಹೋದಾಗ, 2024ರ ಮಾರ್ಚ್ 12ರಂದು ಶಾಖೆ ₹18,640 ಬಾಕಿ ಎಂದು ಬರೆದುಕೊಟ್ಟಿತು. ಅವರು ಅಂದೇ ಚೆಕ್ ಕೊಟ್ಟರು. ಹಣ ಸಾಲದ ಖಾತೆಗೆ ಜಮೆಯಾದದ್ದು 14ಕ್ಕೆ. ಶೇ 10.5ರ ದರದಲ್ಲಿ ಎರಡು ದಿನದ ಬಡ್ಡಿ ಸುಮಾರು ₹11. ಅಷ್ಟು ಖಾತೆಯಲ್ಲಿ ಉಳಿದುಬಿಟ್ಟಿತು. 18ರಂದು ಎನ್‌ಒಸಿ ಕೈಗೆ ಬಂತು, ಆದರೆ ಕಂಪ್ಯೂಟರಿನಲ್ಲಿ ಖಾತೆ ಮುಚ್ಚಲೇ ಇಲ್ಲ. ಬಾಕಿಯ ದಿನಗಳು ತಿಂಗಳು ತಿಂಗಳು ಏರಿ 2025ರ ಜುಲೈ ಹೊತ್ತಿಗೆ 400 ದಾಟಿದ್ದವು. ವರದಿ ಓದುವ ಇನ್ನೊಂದು ಬ್ಯಾಂಕಿಗೆ ಕಾಣುವುದು ಆ 400 ದಿನವೇ. ಉಳಿದದ್ದು ಬರೀ ಹನ್ನೊಂದು ರೂಪಾಯಿ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಲ್ಲಿ ಅನೇಕರು ಎಡವುತ್ತಾರೆ. ‘₹11 ಕಟ್ಟಿಬಿಡಿ, ಸರಿಹೋಗುತ್ತೆ ಮೇಡಂ’ ಎಂದು ಕೌಂಟರಿನಲ್ಲಿ ಹೇಳಿದ ಕೂಡಲೇ ಕಟ್ಟಿ ಬರುತ್ತಾರೆ. ಆಗ ಸಾಲ ಮುಚ್ಚುತ್ತದೆ ನಿಜ, ಆದರೆ ಕಟ್ಟಿದ ಆ ದಿನವೇ ಮುಚ್ಚಿದಂತೆ ದಾಖಲಾಗುತ್ತದೆ. ಹಿಂದಿನ ತಿಂಗಳುಗಳ ಬಾಕಿಯ ಗುರುತು ವರದಿಯಲ್ಲಿ ಹಾಗೇ ನಿಲ್ಲುತ್ತದೆ. ಆದ್ದರಿಂದ ‘ನನ್ನ ಸಿಬಿಲ್ ಸರಿಮಾಡಿಕೊಡಿ’ ಎಂದಷ್ಟೇ ಬರೆದರೆ ಸಾಲದು. ಯಾವ ಕಲಮಿನಲ್ಲಿ ಈಗ ಏನಿದೆ, ಅಲ್ಲಿ ಏನಿರಬೇಕು ಎಂಬುದನ್ನು ಬಿಡಿಸಿ ಬರೆಯಬೇಕು:

“ಶಾಖಾ ವ್ಯವಸ್ಥಾಪಕರಿಗೆ,
ವಿಷಯ: ದ್ವಿಚಕ್ರ ವಾಹನ ಸಾಲ ಖಾತೆ (ಕೊನೆಯ ಅಂಕಿಗಳು 4471) ಕುರಿತ ತಪ್ಪು ದಾಖಲೆಯ ತಿದ್ದುಪಡಿ.
ಮಾನ್ಯರೇ, ತಮ್ಮ ಶಾಖೆಯು 12-3-2024ರಂದು ಬರೆದುಕೊಟ್ಟ ₹18,640 ಮೊತ್ತವನ್ನು ನಾನು ಪೂರ್ತಿ ಪಾವತಿಸಿದ್ದು, 18-3-2024ರಂದು ಎನ್‌ಒಸಿ ಪಡೆದಿದ್ದೇನೆ. ಆದರೂ 2-7-2025ರ ಸಿಬಿಲ್ ವರದಿಯಲ್ಲಿ ಈ ಖಾತೆ ಚಾಲ್ತಿಯಲ್ಲಿದ್ದು ₹11 ಬಾಕಿ ಎಂದಿದೆ. ದಯವಿಟ್ಟು ಖಾತೆಯು 14-3-2024ಕ್ಕೆ ಮುಕ್ತಾಯವಾಗಿದೆಯೆಂದೂ ಬಾಕಿ ಸೊನ್ನೆಯೆಂದೂ ದಾಖಲಿಸಿ, ಆ ದಿನದ ನಂತರ ತೋರಿಸಿರುವ ಬಾಕಿ ದಿನಗಳನ್ನು ತೆಗೆದು, ಎಲ್ಲ ಸಾಲ ಮಾಹಿತಿ ಕಂಪನಿಗಳಿಗೂ ತಿದ್ದುಪಡಿ ಕಳಿಸಬೇಕಾಗಿ ಕೋರುತ್ತೇನೆ. 30 ದಿನದೊಳಗೆ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ.”

ಜೊತೆಗೆ ಬಾಕಿ ಬರೆದುಕೊಟ್ಟ ಚೀಟಿ, ಹಣ ಜಮೆಯಾದ ಸ್ಟೇಟ್‌ಮೆಂಟ್, ಎನ್‌ಒಸಿ ಹಾಗೂ ವರದಿಯ ಆ ಪುಟದ ಜೆರಾಕ್ಸ್ ಲಗತ್ತಿಸಬೇಕು. ವರದಿಯ ಮೇಲಿರುವ ನಿಯಂತ್ರಣ ಸಂಖ್ಯೆಯನ್ನೂ ಪತ್ರದಲ್ಲಿ ನಮೂದಿಸಬೇಕು. ಮೂಲ ಪ್ರತಿಗಳನ್ನು ಯಾರು ಕೇಳಿದರೂ ತೋರಿಸಿ, ಆದರೆ ಕೊಟ್ಟು ಬರಬೇಡಿ. ಶಾಖೆಯಲ್ಲಿ ತಪ್ಪು ಯಾರದೆಂದು ವಾದಕ್ಕಿಳಿಯುವ ಅಗತ್ಯವೂ ಇಲ್ಲ. ಎದುರಿಗೆ ಕೂತ ಸಿಬ್ಬಂದಿ ಬಹುಪಾಲು ಆ ಸಾಲ ಮುಗಿದಾಗ ಅಲ್ಲಿ ಇದ್ದವರೇ ಆಗಿರುವುದಿಲ್ಲ. ಬಿಡದೆ ಕೇಳಬೇಕಾದದ್ದು ಒಂದನ್ನೇ, ನಿಮ್ಮ ಪ್ರತಿಯ ಮೇಲೆ ದಿನಾಂಕವಿರುವ ಸ್ವೀಕೃತಿ ಮೊಹರು. ಹಾಕಲು ಒಪ್ಪದಿದ್ದರೆ ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ಆ ದಿನಾಂಕಕ್ಕೆ ತೂಕವಿದೆ. ದೂರು ಕೊಟ್ಟ 30 ದಿನದೊಳಗೆ ಪರಿಹಾರವಾಗದಿದ್ದರೆ ನಂತರದ ಪ್ರತಿ ದಿನಕ್ಕೆ ₹100ರಂತೆ ಗ್ರಾಹಕರಿಗೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಅದು 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಬ್ಯಾಂಕ್ 21 ದಿನದೊಳಗೆ ತಿದ್ದುಪಡಿ ಕಳಿಸದಿದ್ದರೆ ಪರಿಹಾರದ ಹೊಣೆ ಬ್ಯಾಂಕಿನದು. ಈ ನಿಯಮವನ್ನು ಮೊದಲ ಪತ್ರದಲ್ಲಿ ಎತ್ತದಿರುವುದೇ ಮೇಲು ಎಂದು ನನಗನ್ನಿಸುತ್ತದೆ. 21 ದಿನ ಕಳೆದ ಮೇಲೆ ಬರೆಯುವ ನೆನಪೋಲೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿದರೆ ಸಾಕು. 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪುವಂತಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ಶುಲ್ಕವಿಲ್ಲದೆ ದೂರು ಕೊಡಬಹುದು. ಆ ಮೊಹರಿನ ಪ್ರತಿಯೇ ಅಲ್ಲಿ ಮೊದಲ ಪುರಾವೆ.

ತಿದ್ದುಪಡಿ ಆಯಿತೆಂದು ಬ್ಯಾಂಕ್ ಹೇಳಿದ ಮೇಲೆ ಹೊಸ ವರದಿ ತರಿಸಿ ಮುಕ್ತಾಯದ ದಿನಾಂಕ ನೋಡಿ. ಸಿಬಿಲ್ ಅಲ್ಲದೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ಇನ್ನೂ ಮೂರು ಕಂಪನಿಗಳಿವೆ. ಪ್ರತಿಯೊಂದೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಹೊಸ ಸಾಲ ಕೊಡುವವರು ಇವುಗಳಲ್ಲಿ ಯಾವುದನ್ನು ತೆರೆದು ನೋಡುತ್ತಾರೋ ಗೊತ್ತಿರುವುದಿಲ್ಲವಾದ್ದರಿಂದ, ನಾಲ್ಕರಲ್ಲೂ 14-3-2024 ಎಂದೇ ಇದೆಯೇ ಎಂದು ನೋಡಿಕೊಂಡು ಆಮೇಲೆ ಹೊಸ ಸಾಲಕ್ಕೆ ಅರ್ಜಿ ಹಾಕಿ.