ಲಾರಿ ಹತ್ತಿಸುವ ಮೊದಲು ಕೇಳಬೇಕಾದ ಎರಡು ಗಂಟೆ

ತಿಪಟೂರಿನ ಒಂದು ಕೊಬ್ಬರಿ ಎಣ್ಣೆ ಮಿಲ್ಲಿಗೆ ದೊಡ್ಡ ಅಂಗಡಿ ಸರಣಿಯೊಂದರಿಂದ ಆರ್ಡರ್ ಬಂದಿದೆ ಎಂದಿಟ್ಟುಕೊಳ್ಳೋಣ. ಒಂದು ಲೀಟರಿನ ಬಾಟಲಿ, ಬಾಕ್ಸಿಗೆ ಹನ್ನೆರಡು, ಒಟ್ಟು 400 ಬಾಕ್ಸು. ಇಳಿಸಬೇಕಾದ್ದು ಹೊಸಕೋಟೆ ಕಡೆಯ ಗೋದಾಮಿನಲ್ಲಿ. ಮಾಲು ತಯಾರಿದೆ, ಲಾರಿ ಸಿಗುತ್ತದೆ. ಆದರೂ ಲೋಡ್ ಮಾಡಿ ಕಳಿಸಿಬಿಡುವ ಹಾಗಿಲ್ಲ. ಇಂಥ ಗೋದಾಮಿನ ಗೇಟಿನಲ್ಲಿ ಮಾಲು ಇಳಿಸುವ ಅಪಾಯಿಂಟ್‌ಮೆಂಟ್ ಇದೆಯೇ ಎಂದು ಕೇಳುತ್ತಾರೆ. ಇಲ್ಲವೆಂದರೆ ಲಾರಿ ರಸ್ತೆ ಬದಿಯಲ್ಲಿ ನಿಲ್ಲುತ್ತದೆ, ಹಾಲ್ಟಿಂಗ್ ಬಾಡಿಗೆ ಏರತೊಡಗುತ್ತದೆ.

ಈ ಅಪಾಯಿಂಟ್‌ಮೆಂಟ್ ಕೊಡುವುದು ಗೋದಾಮಿನ ಇನ್‌ವರ್ಡ್ ವಿಭಾಗ, ಅಂದರೆ ಒಳಬರುವ ಮಾಲು ನೋಡಿಕೊಳ್ಳುವವರು. ಅವರ ಕೈಯಲ್ಲಿ ಇರುವುದು ಇಷ್ಟೇ ಡಾಕು, ಇಷ್ಟೇ ಜನ. ನಮ್ಮ ಲಾರಿ ಒಂದು ಡಾಕಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಾಗಬೇಕು. ‘ಗುರುವಾರ ಮಾಲು ಕಳಿಸಬಹುದಾ ಸರ್?’ ಎಂಬ ಒಂದು ಸಾಲಿನ ಮೆಸೇಜಿಗೆ ಬೇಗ ಉತ್ತರ ಬಾರದಿರುವುದಕ್ಕೆ ಅಹಂಕಾರವೇ ಕಾರಣವಾಗಬೇಕಿಲ್ಲ. ಲೆಕ್ಕ ಹಾಕಲು ಅದರಲ್ಲಿ ಏನೂ ಇಲ್ಲ.

ಹಾಗಾದರೆ ಏನು ಬರೆಯಬೇಕು? ಮಿಲ್ಲಿನವರ ಮೆಸೇಜು ಹೀಗಿರಬಹುದು:

‘ನಮಸ್ಕಾರ ಸರ್. ನಿಮ್ಮ ಪಿಒ ನಂಬರ್ 4417, ಇದೇ 28ರವರೆಗೆ ಚಾಲ್ತಿಯಲ್ಲಿದೆ. ಅದರಲ್ಲಿ 400 ಬಾಕ್ಸು ಕೊಬ್ಬರಿ ಎಣ್ಣೆ ಪೂರ್ತಿ ಕಳಿಸುತ್ತಿದ್ದೇವೆ. ಒಂದೇ ಐಟಂ, ಒಂದೇ ಬ್ಯಾಚ್, ತೂಕ ಸುಮಾರು 4.8 ಟನ್. ಗಾಡಿ 17 ಅಡಿಯ ಓಪನ್ ಬಾಡಿ, ಟಾರ್ಪಾಲಿನ್ ಹೊದಿಸಿರುತ್ತದೆ, ಹಿಂದಿನಿಂದ ಇಳಿಸಬೇಕು. ಬಾಕ್ಸು ಬಿಡಿಯಾಗಿವೆ, ಪ್ಯಾಲೆಟ್ ಮೇಲಿಲ್ಲ, ನಾಲ್ಕು ಸಾಲು ಎತ್ತರಕ್ಕೆ ಜೋಡಿಸಿದೆ. ಇಳಿಸಲು ನಾಲ್ಕು ಜನ ಬೇಕು, ನಮ್ಮ ಕಡೆಯಿಂದ ಡ್ರೈವರ್ ಒಬ್ಬರೇ ಬರುತ್ತಾರೆ. ಹಮಾಲಿ ನಿಮ್ಮ ಕಡೆಯದೋ ನಮ್ಮದೋ ದಯವಿಟ್ಟು ತಿಳಿಸಿ. ಗುರುವಾರ 26ರಂದು ಬೆಳಿಗ್ಗೆ 10ರಿಂದ 12ರೊಳಗೆ ಸಮಯ ಕೊಟ್ಟರೆ ಅನುಕೂಲ, ಇಲ್ಲವಾದರೆ ಅದೇ ದಿನ ಮಧ್ಯಾಹ್ನ 2ರಿಂದ 4. ಗಾಡಿ ನಂಬರ್, ಡ್ರೈವರ್ ಹೆಸರು ಮತ್ತು ಮೊಬೈಲ್ ಬುಧವಾರ ಲೋಡಾದ ಕೂಡಲೇ ಕಳಿಸುತ್ತೇವೆ.’

ಇದರಲ್ಲಿ ಹೆಚ್ಚು ಕೆಲಸ ಮಾಡುವ ಮಾತು ‘ಬಿಡಿಯಾಗಿವೆ’ ಎನ್ನುವುದು. ಪ್ಯಾಲೆಟ್ ಎಂದರೆ ಮಾಲು ಜೋಡಿಸಿ ಒಟ್ಟಿಗೆ ಎತ್ತಲು ಬಳಸುವ ಹಲಗೆ. ಮಾಲು ಅದರ ಮೇಲೆ ಬಂದರೆ ಹ್ಯಾಂಡ್ ಟ್ರಾಲಿಯೋ ಫೋರ್ಕ್‌ಲಿಫ್ಟೋ ಅರ್ಧ ಗಂಟೆಯೊಳಗೆ ಕೆಲಸ ಮುಗಿಸಬಹುದು. ಬಿಡಿ ಬಾಕ್ಸುಗಳನ್ನು ಒಂದೊಂದಾಗಿ ಇಳಿಸಿ, ಎಣಿಸಿ, ಗೋದಾಮಿನ ಪ್ಯಾಲೆಟ್ ಮೇಲೆ ಜೋಡಿಸಬೇಕು. ನಾಲ್ಕು ಜನರಿದ್ದರೂ ಒಂದೂವರೆ ಗಂಟೆ ಹಿಡಿಯುತ್ತದೆ. ಹಾಗಿದ್ದರೆ ಪ್ಯಾಲೆಟ್ ಮೇಲೆಯೇ ಕಳಿಸಬಾರದೇ ಎಂದರೆ, ಇಲ್ಲಿ ಗಾಡಿಯ ಅಳತೆ ಅಡ್ಡ ಬರುತ್ತದೆ. ಹೆಚ್ಚಾಗಿ ಬಳಕೆಯಲ್ಲಿರುವ ಪ್ಯಾಲೆಟ್ 1.2 ಮೀಟರ್ ಉದ್ದ, 1 ಮೀಟರ್ ಅಗಲ. 17 ಅಡಿ ಲಾರಿಯ ಒಳ ಅಗಲ ಸುಮಾರು ಆರಡಿ ಇದ್ದರೆ ಎರಡು ಪ್ಯಾಲೆಟ್ ಅಕ್ಕಪಕ್ಕ ಕೂರುವುದಿಲ್ಲ, ಉದ್ದಕ್ಕೆ ಐದು ಕೂರುತ್ತವೆ. ಒಂದರ ಮೇಲೆ 50 ಬಾಕ್ಸು ಎಂದರೆ 400 ಬಾಕ್ಸಿಗೆ ಎಂಟು ಪ್ಯಾಲೆಟ್ ಬೇಕು. ಅದಕ್ಕೆ ಇನ್ನೂ ದೊಡ್ಡ ಲಾರಿ, ಹೆಚ್ಚಿನ ಬಾಡಿಗೆ. ಸಣ್ಣ ಮಿಲ್ಲಿನವರಿಗೆ ಬಿಡಿಯಾಗಿ ಕಳಿಸುವುದೇ ಗಿಟ್ಟುತ್ತದೆ. ಅದನ್ನು ಮುಚ್ಚಿಡದೆ ಮೊದಲೇ ಹೇಳಿದರೆ ಅರ್ಧ ಗಂಟೆಯ ಜಾಗದಲ್ಲಿ ಎರಡು ಗಂಟೆ ಎತ್ತಿಡುತ್ತಾರೆ.

ಗಾಡಿಯ ಬಗೆ ಹೇಳಬೇಕಾದ್ದೂ ಇದೇ ಕಾರಣಕ್ಕೆ. ಗೋದಾಮಿನ ಡಾಕು ಸಾಮಾನ್ಯವಾಗಿ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರ. ಲಾರಿ ಹಿಂದಕ್ಕೆ ಬಂದು ನಿಂತಾಗ ಉಳಿಯುವ ಕೆಲವು ಇಂಚಿನ ಅಂತರವನ್ನು ಡಾಕಿನ ಲೆವೆಲರ್ ಎಂಬ ಕಬ್ಬಿಣದ ಹಲಗೆ ತುಂಬುತ್ತದೆ. ಟಾಟಾ ಏಸ್‌ನಂಥ ಚಿಕ್ಕ ಗಾಡಿಯ ತಳ ಅದಕ್ಕಿಂತ ತೀರಾ ಕೆಳಗೆ ಇರುವುದರಿಂದ ಲೆವೆಲರ್ ನಿಲುಕುವುದಿಲ್ಲ, ಅದನ್ನು ನೆಲಮಟ್ಟದಲ್ಲೇ ಇಳಿಸಬೇಕು. ಕೆಲವು ಗೋದಾಮಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. 17 ಅಡಿ ಎಂದು ಹೇಳಿ, ಲಾರಿ ಸಿಗಲಿಲ್ಲವೆಂದು ಮೂರು ಚಿಕ್ಕ ಗಾಡಿಯಲ್ಲಿ ಕಳಿಸಿದರೆ ಮೂರೂ ಗೇಟಿನಿಂದ ವಾಪಸಾಗಬಹುದು.

ಇನ್ನು ಗಾಡಿ ನಂಬರ್. ಇದನ್ನು ಮೊದಲ ಮೆಸೇಜಿನಲ್ಲೇ ಕೊಡಲು ಅವಸರ ಬೇಡ. ಟ್ರಾನ್ಸ್‌ಪೋರ್ಟಿನವರು ಸೋಮವಾರ ಹೇಳಿದ ಗಾಡಿ ಬುಧವಾರ ಬೇರೆ ಕಡೆ ಹೋಗಿರುತ್ತದೆ. ಅಪಾಯಿಂಟ್‌ಮೆಂಟಿನಲ್ಲಿ ಒಂದು ನಂಬರ್, ಇ-ವೇ ಬಿಲ್ಲಿನಲ್ಲಿ ಇನ್ನೊಂದು ಇದ್ದರೆ ಗೇಟಿನಲ್ಲಿ ಅದನ್ನು ಬಗೆಹರಿಸುವುದರಲ್ಲೇ ನಮ್ಮ ಎರಡು ಗಂಟೆ ಹೋಗುತ್ತದೆ. ಸಮಯ ಕೇಳುವಾಗ ಗಾಡಿಯ ಬಗೆ, ಲೋಡಾದ ಮೇಲೆ ನಂಬರ್. ದಾರಿಯಲ್ಲಿ ಗಾಡಿ ಕೆಟ್ಟು ಬದಲಾಯಿಸಿದರೆ ಇ-ವೇ ಬಿಲ್ಲಿನ ಪಾರ್ಟ್-ಬಿಯಲ್ಲಿ ಹೊಸ ನಂಬರ್ ಹಾಕಬೇಕು, ಗೋದಾಮಿಗೂ ತಿಳಿಸಬೇಕು.

ಇ-ವೇ ಬಿಲ್ಲಿಗೂ ಅಪಾಯಿಂಟ್‌ಮೆಂಟಿಗೂ ಇರುವ ನಂಟು ಬಹಳ ಜನರ ಗಮನಕ್ಕೆ ಬರುವುದು ಪೆಟ್ಟು ಬಿದ್ದ ಮೇಲೆ. ತಿಪಟೂರಿನಿಂದ ತುಮಕೂರು, ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಸುಮಾರು 180 ಕಿಲೋಮೀಟರ್. ಬೆಂಗಳೂರಿನ ಒಳಗೆ ಹೋಗಬೇಕಿಲ್ಲ, ಹಾಗಾಗಿ ಭಾರಿ ವಾಹನಗಳಿಗೆ ಅಲ್ಲಿರುವ ಹೊತ್ತಿನ ನಿರ್ಬಂಧವೂ ತಟ್ಟುವುದಿಲ್ಲ. 2021ರ ಜನವರಿಯಿಂದ ಇ-ವೇ ಬಿಲ್ಲಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ. ಅದಕ್ಕೂ ಮೊದಲು 100 ಕಿಲೋಮೀಟರಿಗೆ ಒಂದು ದಿನವಿತ್ತು. ಅಂದರೆ ಇಲ್ಲಿ ಸಿಗುವುದು ಒಂದೇ ದಿನ, ಅದು ಮುಗಿಯುವುದು ಬಿಲ್ ಮಾಡಿದ ಮರುದಿನದ ಮಧ್ಯರಾತ್ರಿಗೆ. ಲಾರಿ ಖಾಲಿ ಇದೆಯೆಂದು ಮಂಗಳವಾರವೇ ಲೋಡ್ ಮಾಡಿ ಬಿಲ್ ತೆಗೆದರೆ ಬುಧವಾರ ಮಧ್ಯರಾತ್ರಿಗೆ ಅದರ ಆಯುಸ್ಸು ತೀರುತ್ತದೆ. ಗುರುವಾರ ಬೆಳಿಗ್ಗೆ ಲಾರಿ ರಸ್ತೆಯಲ್ಲಿರುವಾಗ ಕೈಯಲ್ಲಿರುವುದು ಅವಧಿ ಮುಗಿದ ಕಾಗದ. ಅದಕ್ಕೇ ಅಪಾಯಿಂಟ್‌ಮೆಂಟ್ ಕೈಗೆ ಬಂದ ಮೇಲೆ ಅದರಿಂದ ಹಿಂದಕ್ಕೆ ಎಣಿಸಿ ಲೋಡಿಂಗ್ ದಿನ ಗೊತ್ತುಮಾಡಬೇಕು. ಬುಧವಾರ ಸಂಜೆ ಲೋಡು ಮತ್ತು ಬಿಲ್ಲು, ಗುರುವಾರ ನಸುಕಿನ ನಾಲ್ಕಕ್ಕೆ ಹೊರಟರೆ ಒಂಬತ್ತೂವರೆಗೆ ಗೇಟು ಮುಟ್ಟಬಹುದು. ಹತ್ತರ ಸಮಯವೆಂದರೆ ಹತ್ತಕ್ಕೆ ಡಾಕಿನಲ್ಲಿರಬೇಕು, ಅಷ್ಟರೊಳಗೆ ಕಾಗದ ತೋರಿಸಿ ಎಂಟ್ರಿ ಆಗಿರಬೇಕು.

ಅಲ್ಲಿ ಡಾಕು ಖಾಲಿಯಾಗದೆ ಶುಕ್ರವಾರಕ್ಕೆ ಹೋದರೆ? ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಎಂಟು ಗಂಟೆ ನಂತರದವರೆಗೆ ಇ-ವೇ ಬಿಲ್ ವಿಸ್ತರಿಸಲು ಅವಕಾಶವಿದೆ. ಈ ಲಾರಿಗೆ ಅದು ಗುರುವಾರ ಸಂಜೆ ನಾಲ್ಕರಿಂದ ಶುಕ್ರವಾರ ಬೆಳಿಗ್ಗೆ ಎಂಟರವರೆಗೆ. ಮಾಲು ಹೊತ್ತಿರುವ ಟ್ರಾನ್ಸ್‌ಪೋರ್ಟಿನವರು ಕಾರಣ ಕೊಟ್ಟು ಅದನ್ನು ಮಾಡಬೇಕು. ಅವರಿಗೆ ನಾಲ್ಕು ಗಂಟೆಗೇ ಫೋನು ಹೋಗಬೇಕು.

ಪಿಒ ತಾರೀಕನ್ನೂ ಮೆಸೇಜಿನಲ್ಲಿ ಬರೆದದ್ದು ಸುಮ್ಮನೆ ಅಲ್ಲ. ಗೋದಾಮಿನವರು 30ರಂದು ಬನ್ನಿ ಎಂದರೆ, 28ಕ್ಕೆ ಮುಗಿಯುವ ಪಿಒ ಮೇಲೆ ಅವರ ಕಂಪ್ಯೂಟರು ಮಾಲು ತೆಗೆದುಕೊಳ್ಳದಿರಬಹುದು. ಆಗ ಒಪ್ಪಿಕೊಳ್ಳುವ ಮುಂಚೆ ಖರೀದಿ ವಿಭಾಗದವರಿಂದ ಪಿಒ ಅವಧಿ ವಿಸ್ತರಿಸಿಕೊಳ್ಳಬೇಕು. ಆ ಕೆಲಸ ಇನ್‌ವರ್ಡಿನವರ ಕೈಯಲ್ಲಿರುವುದಿಲ್ಲ.

ಹಮಾಲಿ ಮತ್ತು ಹಾಲ್ಟಿಂಗ್ ಯಾರ ಖರ್ಚು ಎಂಬುದು ಮೊದಲೇ ಬರಹದಲ್ಲಿ ಇಲ್ಲದಿದ್ದರೆ ಅದರ ಜಗಳ ಬಂದು ಬೀಳುವುದು ಡ್ರೈವರ್ ತಲೆಗೆ. ಬಾಡಿಗೆಗೆ ಬಂದ ಆ ಮನುಷ್ಯನನ್ನು ಬಾಕ್ಸು ಇಳಿಸು ಎಂದು ನಿಲ್ಲಿಸುವುದು ನ್ಯಾಯವಲ್ಲ. ಲಾರಿ ಹೊರಡುವಾಗ ಅವರಿಗೆ ಒಂದು ಮಾತು ಹೇಳಿಡಬೇಕು: ಗೇಟಿಗೆ ಬಂದ ಹೊತ್ತು, ಹೊರಟ ಹೊತ್ತು ಎರಡನ್ನೂ ಎಲ್‌ಆರ್ ಪ್ರತಿಯ ಮೇಲೆ ಬರೆಸಿ ಸೀಲು ಹಾಕಿಸಿಕೊಳ್ಳಿ. ಒಂಬತ್ತೂವರೆಗೆ ಬಂದ ಲಾರಿ ಸಂಜೆ ಆರಕ್ಕೆ ಹೊರಟಿತು ಎನ್ನುವುದಕ್ಕೆ ಆ ಸೀಲೇ ಆಧಾರ, ಹಾಲ್ಟಿಂಗ್ ಬಿಲ್ಲಿನ ಜೊತೆ ಲಗತ್ತಿಸಬೇಕಾದ್ದೂ ಅದೇ ಪ್ರತಿ.