ಪಿ.ಟಿ. ಪೀರಿಯಡ್ ಕಸಿದರೆ ಅಂಕ ಬರುತ್ತದೆಯೇ?

ಹತ್ತನೇ ತರಗತಿಯ ಗೋಡೆಗೆ ಅಂಟಿಸಿರುವ ವೇಳಾಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಸುಳ್ಳುಗಳಿರುತ್ತವೆ. ಒಂದು ‘ಗ್ರಂಥಾಲಯ’, ಇನ್ನೊಂದು ‘ದೈಹಿಕ ಶಿಕ್ಷಣ’. ಜೂನ್‌ನಲ್ಲಿ ಒಂದೆರಡು ವಾರ ಮೈದಾನಕ್ಕೆ ಹೋದರೆ ಹೋದೆವು, ಆಮೇಲೆ ಆ ಪೀರಿಯಡ್‌ಗೆ ಗಣಿತದ ಮೇಷ್ಟ್ರೋ ವಿಜ್ಞಾನದ ಮೇಡಂ ಅವರೋ ಬಂದು ಬೋರ್ಡ್ ಒರೆಸುತ್ತಾರೆ. ‘ಪೋರ್ಷನ್ ಮುಗಿದಿಲ್ಲ, ಆಟ ಪರೀಕ್ಷೆ ಮುಗಿದ ಮೇಲೆ ಆಡಿ’ ಎನ್ನುವ ಮಾತು ಕೇಳದೆ ಎಸ್ಸೆಸ್ಸೆಲ್ಸಿ ದಾಟಿದವರು ನಮ್ಮ ತರಗತಿಯಲ್ಲಿ ಯಾರೂ ಇಲ್ಲ. ಇದನ್ನು ಮಾಡುವ ಶಿಕ್ಷಕರ ಉದ್ದೇಶ ಒಳ್ಳೆಯದೇ. ಅವರ ಲೆಕ್ಕ ಸರಳ: ಓದುವ ಸಮಯ ಹೆಚ್ಚಾದರೆ ಅಂಕ ಹೆಚ್ಚಾಗುತ್ತದೆ. ಈ ಲೆಕ್ಕ ನಿಜವೇ ಎಂಬುದೇ ನನ್ನ ಪ್ರಶ್ನೆ.

ಮೊದಲು ಒಂದು ಎಚ್ಚರಿಕೆ. ‘ಆಡುವ ಮಕ್ಕಳು ಚೆನ್ನಾಗಿ ಓದುತ್ತಾರೆ’ ಎಂದು ತೋರಿಸುವ ಸಮೀಕ್ಷೆಗಳು ಬೇಕಾದಷ್ಟಿವೆ. ಅವುಗಳನ್ನು ಮುಂದಿಟ್ಟು ವಾದ ಮಾಡುವುದು ಸುಲಭ, ಆದರೆ ಸರಿಯಲ್ಲ. ಗಟ್ಟಿಮುಟ್ಟಾಗಿರುವ ಮಗುವಿನ ಮನೆಯಲ್ಲಿ ಒಳ್ಳೆಯ ಊಟ, ಓದಿದ ಅಪ್ಪ ಅಮ್ಮ, ಒಳ್ಳೆಯ ಶಾಲೆ ಎಲ್ಲವೂ ಇರಬಹುದು. ಅಂಕ ಬಂದದ್ದು ಅವುಗಳಿಂದಲೋ ಆಟದಿಂದಲೋ ಹೇಳುವುದು ಹೇಗೆ? ಆದ್ದರಿಂದ ನಮಗೆ ಬೇಕಿರುವುದು ಬೇರೆ ರೀತಿಯ ಸಾಕ್ಷಿ. ಒಂದೇ ಶಾಲೆಯ ಒಂದೇ ಬಗೆಯ ಮಕ್ಕಳಲ್ಲಿ ಕೆಲವರ ಪಾಠದ ಸಮಯ ಕಡಿತ ಮಾಡಿ, ಅದನ್ನು ಆಟಕ್ಕೆ ಕೊಟ್ಟು, ವರ್ಷಗಟ್ಟಲೆ ಕಾದು ನೋಡಬೇಕು.

ಅಂಥ ಪ್ರಯೋಗ ನಡೆದಿದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಟ್ರುವಾ ರಿವಿಯೇರ್ ಎಂಬ ಪ್ರದೇಶದಲ್ಲಿ 1970ರ ದಶಕದಲ್ಲಿ 546 ಪ್ರಾಥಮಿಕ ಶಾಲಾ ಮಕ್ಕಳ ಮೇಲೆ ಇದನ್ನು ಮಾಡಲಾಯಿತು. ಒಂದು ನಗರದ ಶಾಲೆ, ಒಂದು ಹಳ್ಳಿಯ ಶಾಲೆ. ಆಯ್ದ ಬ್ಯಾಚ್‌ನ ಮಕ್ಕಳಿಗೆ ವಾರಕ್ಕೆ ಐದು ಗಂಟೆ ಹೆಚ್ಚುವರಿ ದೈಹಿಕ ಶಿಕ್ಷಣ, ಅದೂ ತರಬೇತಾದ ಶಿಕ್ಷಕರಿಂದ. ಆ ಐದು ಗಂಟೆಯನ್ನು ಪಾಠದ ಸಮಯದಿಂದಲೇ ತೆಗೆದುಕೊಂಡರು. ಹೀಗಾಗಿ ಆ ಮಕ್ಕಳ ಪಾಠದ ಸಮಯ ಶೇ 13ರಿಂದ 14ರಷ್ಟು ಕಡಿಮೆಯಾಯಿತು. ಹೋಲಿಕೆಗೆ ಅದೇ ಶಾಲೆಯ ಹಿಂದಿನ ಮತ್ತು ಮುಂದಿನ ಬ್ಯಾಚ್‌ನ ಮಕ್ಕಳನ್ನು ಇಟ್ಟುಕೊಂಡರು. ಯಾರು ಆಡಬೇಕು ಎಂಬುದನ್ನು ಮಗುವಿನ ಆಸಕ್ತಿಯಾಗಲಿ ಅಪ್ಪನ ಆದಾಯವಾಗಲಿ ನಿರ್ಧರಿಸಲಿಲ್ಲ. ಹುಟ್ಟಿದ ವರ್ಷ ನಿರ್ಧರಿಸಿತು. ಈ ಪ್ರಯೋಗದ ಬೆಲೆ ಇರುವುದೇ ಅಲ್ಲಿ.

ಫಲಿತಾಂಶ ಏನಾಯಿತು? ಮೊದಲ ವರ್ಷ, ಒಂದನೇ ತರಗತಿಯಲ್ಲಿ, ಹೆಚ್ಚು ಪಾಠ ಕೇಳಿದ ಮಕ್ಕಳೇ ತುಸು ಮುಂದಿದ್ದರು. ಇಲ್ಲಿಗೇ ನಿಲ್ಲಿಸಿದ್ದರೆ ನಮ್ಮ ಮೇಷ್ಟ್ರ ಮಾತೇ ಗೆಲ್ಲುತ್ತಿತ್ತು. ಆದರೆ ನಂತರದ ವರ್ಷಗಳಲ್ಲಿ ಚಿತ್ರ ತಿರುಗಿತು. ಕಡಿಮೆ ಪಾಠ, ಹೆಚ್ಚು ಆಟ ಸಿಕ್ಕ ಮಕ್ಕಳ ಅಂಕ ಒಟ್ಟಾರೆ ಹಿಂದೆ ಬೀಳಲಿಲ್ಲ, ಬದಲಿಗೆ ಮುಂದೆ ಹೋಯಿತು. ಎಲ್ಲ ವಿಷಯಗಳಲ್ಲೂ ಒಂದೇ ರೀತಿ ಲಾಭವಾಯಿತು ಎಂದಲ್ಲ. ಅಂಕ ಕೊಡುವ ಶಿಕ್ಷಕರಿಗೆ ಯಾವ ಮಗು ಯಾವ ಗುಂಪಿನದು ಎಂದು ಗೊತ್ತಿತ್ತು ಎಂಬ ದೋಷವೂ ಇದೆ. ಆದ್ದರಿಂದ ‘ಆಡಿದರೆ ರ‍್ಯಾಂಕ್ ಬರುತ್ತದೆ’ ಎಂದು ನಾನು ಹೇಳುವುದಿಲ್ಲ. ಆದರೆ ಇಷ್ಟನ್ನಂತೂ ಹೇಳಬಹುದು: ಪಾಠದ ಸಮಯದಲ್ಲಿ ಶೇ 13ರಷ್ಟು ಕತ್ತರಿಸಿ ಆಟಕ್ಕೆ ಕೊಟ್ಟರೂ ಓದು ಕೆಡಲಿಲ್ಲ.

ಈಗ ನಮ್ಮ ಲೆಕ್ಕಕ್ಕೆ ಬನ್ನಿ. ವಾರಕ್ಕೆ 40 ಪೀರಿಯಡ್, ಅದರಲ್ಲಿ ಪಿ.ಟಿ.ಗೆ ಎರಡು ಎಂದಿಟ್ಟುಕೊಳ್ಳೋಣ. ಅಂದರೆ ಶೇ 5. ಗಣಿತಕ್ಕೆಂದು ಕಸಿಯುವುದು ಇಷ್ಟನ್ನು. ಅಲ್ಲಿ ಇದರ ಎರಡೂವರೆ ಪಟ್ಟು ಬಿಟ್ಟುಕೊಟ್ಟವರಿಗೆ ಆಗದ ನಷ್ಟ ನಮಗೆ ಆಗುತ್ತದೆ ಎಂದು ನಂಬಲು ಕಾರಣ ಬೇಕು. ‘ಅದು ಪ್ರಾಥಮಿಕ ಶಾಲೆ, ಇದು ಬೋರ್ಡ್ ಪರೀಕ್ಷೆ’ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಸತತ ಏಳನೇ ಪೀರಿಯಡ್‌ನಲ್ಲಿ ಕೂತ ಹದಿನೈದರ ಹುಡುಗನ ತಲೆಗೆ ತ್ರಿಕೋನಮಿತಿ ಎಷ್ಟು ಹೋಗುತ್ತದೆ ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು. ಗಡಿಯಾರದಲ್ಲಿ ಓಡಿದ 40 ನಿಮಿಷವೂ ಕಲಿತ 40 ನಿಮಿಷವೂ ಒಂದೇ ಅಲ್ಲ.

ಗಮನದ ಬಗ್ಗೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹಿಲ್‌ಮನ್ ತಂಡ 2009ರಲ್ಲಿ ಒಂದು ಚಿಕ್ಕ ಪ್ರಯೋಗ ಪ್ರಕಟಿಸಿತು. ಒಂಬತ್ತು–ಹತ್ತು ವರ್ಷದ 20 ಮಕ್ಕಳು. ಒಂದು ದಿನ 20 ನಿಮಿಷ ಸುಮ್ಮನೆ ಕೂತ ಮೇಲೆ, ಇನ್ನೊಂದು ದಿನ 20 ನಿಮಿಷ ಟ್ರೆಡ್‌ಮಿಲ್ ಮೇಲೆ ಬಿರುಸಾಗಿ ನಡೆದ ಮೇಲೆ ಅವರಿಗೆ ಪರೀಕ್ಷೆ ಕೊಟ್ಟರು. ನಡೆದ ದಿನ ಗಮನದ ಪರೀಕ್ಷೆಯಲ್ಲಿ ತಪ್ಪು ಕಡಿಮೆಯಾಯಿತು, ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆಯಲ್ಲಿ ಅಂಕ ಹೆಚ್ಚಿತು. 20 ಮಕ್ಕಳ ಮೇಲಿನ ಪ್ರಯೋಗದಿಂದ ದೊಡ್ಡ ತೀರ್ಮಾನ ಎಳೆಯಬಾರದು, ಪರಿಣಾಮವೂ ಆ ಹೊತ್ತಿನದು. ಆದರೆ ಇದು ಪಿ.ಟಿ. ಪೀರಿಯಡ್ ಎಲ್ಲಿರಬೇಕು ಎಂಬುದಕ್ಕೆ ಒಂದು ಸುಳಿವು ಕೊಡುತ್ತದೆ. ನಮ್ಮಲ್ಲಿ ಅದು ಬಹುಪಾಲು ದಿನದ ಕೊನೆಗೆ, ಬಸ್ಸಿನ ಚಿಂತೆಯ ಹೊತ್ತಿಗೆ ಇರುತ್ತದೆ. ಕಷ್ಟದ ವಿಷಯಕ್ಕಿಂತ ಮುಂಚೆ ಇಟ್ಟರೆ ಗಣಿತದ ಮೇಷ್ಟ್ರಿಗೇ ಅನುಕೂಲವಾಗಬಹುದು.

ಇನ್ನು ಪೀರಿಯಡ್ ಉಳಿಸಿಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಉಳಿದ ಪೀರಿಯಡ್‌ನಲ್ಲಿ ಏನಾಗುತ್ತದೆ ಎಂದು ಎಣಿಸಿ ನೋಡಬೇಕು. 60 ಮಕ್ಕಳ ತರಗತಿ, ಒಂದೇ ಅಂಕಣ, ಆಟ ಖೊಖೊ ಎಂದುಕೊಳ್ಳಿ. ಬೆನ್ನಟ್ಟುವ ತಂಡದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಸಾಲಿನಲ್ಲಿ ಕೂತಿರುತ್ತಾರೆ, ಒಬ್ಬ ಓಡುತ್ತಾನೆ. ತಪ್ಪಿಸಿಕೊಳ್ಳುವ ತಂಡದಿಂದ ಒಮ್ಮೆಗೆ ಮೂವರು ಕಣಕ್ಕಿಳಿಯುತ್ತಾರೆ. ಅಂದರೆ ಯಾವುದೇ ಕ್ಷಣದಲ್ಲಿ ಓಡುತ್ತಿರುವವರು ನಾಲ್ವರು, ಕೂತವರು ಮತ್ತು ನಿಂತವರು 56. ಖೊಖೊ ಅದ್ಭುತ ಆಟ, ತಪ್ಪು ಆಟದ್ದಲ್ಲ. ಅದು ತಂಡಕ್ಕೆ ಮಾಡಿದ ಆಟ, ಇಡೀ ತರಗತಿಗೆ ಅಲ್ಲ. ಒಂದು ಬ್ಯಾಟ್, ಒಂದು ಬಾಲ್ ಕೊಟ್ಟು ‘ಆಡ್ಕೊಳ್ಳಿ’ ಎಂದು ಬಿಟ್ಟರೂ ಇದೇ ಕಥೆ. ಚೆನ್ನಾಗಿ ಆಡುವ ಹತ್ತು ಹುಡುಗರು ಆಡುತ್ತಾರೆ, ಹುಡುಗಿಯರು ಬೇವಿನ ಮರದ ಕೆಳಗೆ ಕೂತು ನೋಟ್ಸ್ ಬರೆಯುತ್ತಾರೆ.

ಅದೇ 40 ನಿಮಿಷವನ್ನು ಬೇರೆ ರೀತಿ ಹಂಚಬಹುದು. ಮೈದಾನಕ್ಕೆ ಬಂದು ಸಾಲು ನಿಲ್ಲಲು ಐದು ನಿಮಿಷ. ನಂತರ 15 ಜನರ ನಾಲ್ಕು ಗುಂಪು, ನಾಲ್ಕು ಮೂಲೆ: ಒಂದರಲ್ಲಿ ಹಗ್ಗದಾಟ ಜಿಗಿತ, ಹಗ್ಗ ಸಾಲದಿದ್ದರೆ ಹಗ್ಗವಿಲ್ಲದೆಯೇ ಜಿಗಿತ; ಒಂದರಲ್ಲಿ ಎರಡು ಗೆರೆಗಳ ನಡುವೆ ಓಡಿ ಬರುವುದು; ಒಂದರಲ್ಲಿ ಓಡುತ್ತಾ ಚೆಂಡು ದಾಟಿಸುವುದು; ಒಂದರಲ್ಲಿ ಮುಟ್ಟಾಟ. ಒಂದೊಂದಕ್ಕೆ ಆರು ನಿಮಿಷ, ಜಾಗ ಬದಲಿಸಲು ತಲಾ ಒಂದು ನಿಮಿಷ. ಇಷ್ಟಕ್ಕೆ 27 ನಿಮಿಷ. ಉಳಿದ ಎಂಟು ನಿಮಿಷ ಉಸಿರಾಟ ಹದಕ್ಕೆ ಬರಲು, ನೀರು ಕುಡಿಯಲು, ತರಗತಿಗೆ ಮರಳಲು. ಇಲ್ಲಿ 60 ಮಂದಿಗೂ 24 ನಿಮಿಷ ಚಲನೆ ಸಿಗುತ್ತದೆ. ಖರ್ಚು ಒಂದಷ್ಟು ಹಗ್ಗ, ಮೂರು ನಾಲ್ಕು ಚೆಂಡು, ಸ್ವಲ್ಪ ಸುಣ್ಣದ ಪುಡಿ.

ಮೈ ನಿಜವಾಗಿ ದುಡಿಯಿತೇ ಎಂದು ತಿಳಿಯಲು ಯಂತ್ರ ಬೇಡ. ನಾಡಿ ಹಿಡಿದು 15 ಸೆಕೆಂಡ್ ಎಣಿಸಿದರೆ ಸಾಕು. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ. ಹದಿನೈದು ವರ್ಷದವರಿಗೆ ಅದು 205. ಹಿಲ್‌ಮನ್ ಪ್ರಯೋಗದ ಮಕ್ಕಳು ಇದರ ಶೇ 60ರ ಮಟ್ಟದಲ್ಲಿ ನಡೆದಿದ್ದರು, ಅಂದರೆ ನಮ್ಮ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 123. 15 ಸೆಕೆಂಡಿಗೆ 31 ಬಡಿತದ ಆಸುಪಾಸಿನಲ್ಲಿದ್ದರೆ ಪೀರಿಯಡ್ ಸಾರ್ಥಕ. ಎಣಿಸಲು ಬರದಿದ್ದರೆ ಇನ್ನೂ ಸುಲಭದ ಗುರುತಿದೆ: ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಅಂಕದ ಆಚೆಗೂ ಒಂದು ಮಾತಿದೆ. ನಮ್ಮ ಇಂಜಿನಿಯರಿಂಗ್ ತರಗತಿಯಲ್ಲಿ ಕನ್ನಡಕ ಇಲ್ಲದವರನ್ನು ಎಣಿಸುವುದು ಸುಲಭ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ಮೂರು ವರ್ಷ ನಡೆದ ಪ್ರಯೋಗವೊಂದು 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ ಒಂದು ಹೆಚ್ಚುವರಿ ಪೀರಿಯಡ್ ಹೊರಾಂಗಣದಲ್ಲಿ. ಎಷ್ಟು ನಿಮಿಷ ಗೊತ್ತೇ? ಸರಿಯಾಗಿ 40. ಮೂರು ವರ್ಷಗಳಲ್ಲಿ ಉಳಿದ ಶಾಲೆಗಳಲ್ಲಿ ಶೇ 39.5 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ದೋಷ ಬಂದರೆ, ಹೊರಗೆ ಹೋದ ಮಕ್ಕಳಲ್ಲಿ ಅದು ಶೇ 30.4. ಇದಕ್ಕೆ ಹಗಲಿನ ಬೆಳಕು ಮುಖ್ಯ ಕಾರಣ ಎಂದು ತಜ್ಞರು ಭಾವಿಸುತ್ತಾರೆ. ಅಂದರೆ ಆಟದಲ್ಲಿ ಹಿಂದಿರುವ ಮಗುವಿಗೂ ಮೈದಾನದಿಂದ ಲಾಭವಿದೆ. ಈ ಲಾಭ ಶೀಲ್ಡ್ ಗೆದ್ದವರಿಗಷ್ಟೇ ಮೀಸಲಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಪೋಷಕರು ‘ಆಟಕ್ಕೆ ಹೋಗಿ ಓದು ಕೆಡಿಸಿಕೊಂಡ’ ಎಂದು ಉದಾಹರಣೆ ಕೊಡುವುದು ತಂಡದ ಹುಡುಗರನ್ನು. ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ವಿಭಾಗ ಮಟ್ಟ ಎಂದು ಕ್ರೀಡಾಕೂಟಗಳಿಗೆ ಹೋಗುವವರು ವಾರಗಟ್ಟಲೆ ಪಾಠ ತಪ್ಪಿಸಿಕೊಳ್ಳುವುದು ನಿಜ. ತಪ್ಪಿದ ಪಾಠವನ್ನು ಮತ್ತೆ ಹೇಳಿಕೊಡುವ ವ್ಯವಸ್ಥೆ ಬಹಳ ಕಡೆ ಇಲ್ಲ. ಅದು ಹತ್ತು ಹನ್ನೆರಡು ಮಕ್ಕಳ ಸಮಸ್ಯೆ, ಅದಕ್ಕೆ ಪರಿಹಾರ ವಿಶೇಷ ತರಗತಿ. ಅದನ್ನು ತೋರಿಸಿ ಉಳಿದ ಮಕ್ಕಳ ವಾರದ 80 ನಿಮಿಷ ಕಸಿಯುವುದು ತಲೆನೋವಿಗೆ ಕಾಲಿಗೆ ಪಟ್ಟಿ ಕಟ್ಟಿದ ಹಾಗೆ.

ತಪ್ಪು ಶಿಕ್ಷಕರೊಬ್ಬರದೇ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನ ಇರಬೇಕು ಎನ್ನುತ್ತದೆ. ಆದರೆ ಅದೇ ಕಾಯ್ದೆ ಆರರಿಂದ ಎಂಟನೇ ತರಗತಿಗೆ, ಅದೂ ಮಕ್ಕಳ ಸಂಖ್ಯೆ 100 ದಾಟಿದರೆ ಮಾತ್ರ, ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಕೇಳುತ್ತದೆ. ಟ್ರುವಾ ರಿವಿಯೇರ್‌ನಲ್ಲಿ ಕಲಿಸಿದವರು ತರಬೇತಾದ ಶಿಕ್ಷಕರು ಎಂಬುದನ್ನು ನೆನಪಿಸಿಕೊಳ್ಳಿ. ನಮ್ಮಲ್ಲಿ ಇರುವ ಪಿ.ಟಿ. ಮೇಷ್ಟ್ರೂ ಪ್ರಾರ್ಥನೆ ಸಾಲು, ಶಿಸ್ತು, ಕಚೇರಿ ಕೆಲಸ ಎಂದು ಓಡಾಡುತ್ತಿರುತ್ತಾರೆ. ಜೊತೆಗೆ ತಡವಾಗಿ ಬಂದವನಿಗೆ ಮೈದಾನ ಸುತ್ತಿಸುವ ಶಿಕ್ಷೆ. ಓಟವನ್ನು ಶಿಕ್ಷೆಯಾಗಿ ಕಲಿತ ಮಗು ಅದನ್ನು ಖುಷಿಗಾಗಿ ಮಾಡುವುದು ಕಷ್ಟ.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ದಿನಕ್ಕೊಂದು ಗಂಟೆ ಕೇಳುತ್ತಿಲ್ಲ. ವೇಳಾಪಟ್ಟಿಯಲ್ಲಿ ಈಗಾಗಲೇ ಬರೆದಿರುವ ಎರಡು ಪೀರಿಯಡ್‌ಗಳನ್ನು ಮಾರ್ಚ್‌ವರೆಗೂ ಮುಟ್ಟಬೇಡಿ, ಅವನ್ನು ಕಷ್ಟದ ಪಾಠಕ್ಕಿಂತ ಮೊದಲು ಇಡಿ, ಆ ಹೊತ್ತಿನಲ್ಲಿ 60 ಮಂದಿಯೂ ಓಡಾಡುವಂತೆ ನೋಡಿಕೊಳ್ಳಿ. ಒಂದು ಶಾಲೆ ಒಂದು ವಿಭಾಗದಲ್ಲಿ ಒಂದು ವರ್ಷ ಹೀಗೆ ಮಾಡಿ, ಪಕ್ಕದ ವಿಭಾಗದ ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳ ಜೊತೆ ಹೋಲಿಸಲಿ. ಗಣಿತದ ಮೇಷ್ಟ್ರೇ ಸರಾಸರಿ ಲೆಕ್ಕ ಹಾಕಲಿ. ಅಂಕ ನಿಜಕ್ಕೂ ಇಳಿದಿದ್ದರೆ ಆ ಎರಡು ಪೀರಿಯಡ್ ಅವರೇ ಇಟ್ಟುಕೊಳ್ಳಲಿ.